ಮೊದಲ ಮಹಡಿಯ ಕೋಣೆ, ನಲವತ್ತೇಳು ಪದ

ಊಟ ಮುಗಿದು ಎಲ್ಲರ ಕಣ್ಣೂ ಎಳೆಯುತ್ತಿದ್ದ ಹೊತ್ತು. ಮೌಲ್ಯಮಾಪನ ಕೇಂದ್ರದ ಉದ್ದನೆಯ ಹಾಲಿನಲ್ಲಿ ಹನ್ನೆರಡು ಮೇಜುಗಳು, ಮೇಜಿಗೆ ಆರು ಮಂದಿಯಂತೆ ಮೇಷ್ಟ್ರುಗಳು, ಟೀಚರುಗಳು. ಕೆಂಪು ಪೆನ್ನುಗಳ ಸರಸರ ಸದ್ದು, ಫ್ಯಾನಿನ ಗಾಳಿಗೆ ಹಾರದಂತೆ ಉತ್ತರ ಪತ್ರಿಕೆಗಳ ಮೇಲೆ ಇಟ್ಟ ಊಟದ ಡಬ್ಬಿಗಳು. ಏಳನೇ ಮೇಜಿನಲ್ಲಿ ಕೂತಿದ್ದ ದಪ್ಪ ಕನ್ನಡಕದ ಮೇಷ್ಟ್ರೊಬ್ಬರು, ಅವರನ್ನು ಎಲ್ಲರೂ ಸೋಡಾಬುಡ್ಡಿ ಎಂದೇ ಕರೆಯುತ್ತಿದ್ದುದು, ಪೆನ್ನು ಕೆಳಗಿಟ್ಟು ಮೈಮುರಿದರು.

"ಬೆಳಗ್ಗೆಯಿಂದ ಹನ್ನೊಂದು ಮನೆ ನೋಡ್ದೆ ಕಣ್ರಪ್ಪ" ಎಂದರು. "ಹನ್ನೊಂದೂ ಒಂದೇ ಮನೆ."

ಪಕ್ಕದವರು ನಕ್ಕರು. ಸೋಡಾಬುಡ್ಡಿ ಮೇಷ್ಟ್ರು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದತೊಡಗಿದರು: "ಶಾಂತ ಬಡಾವಣೆ, ಬಸ್ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಮೊದಲ ಮಹಡಿಯಲ್ಲಿ ಒಂದು ಕೋಣೆ, ಹನ್ನೆರಡು ಅಡಿಗೆ ಹತ್ತು ಅಡಿ. ಗಾಳಿ, ಬೆಳಕು ಧಾರಾಳ..."

ಎಂಟನೇ ಮೇಜಿನಲ್ಲಿ ಅವರಿಗೆ ಬೆನ್ನು ಹಾಕಿ ಕೂತಿದ್ದ ಟೀಚರಿನ ಪೆನ್ನು ಅಲ್ಲೇ ನಿಂತಿತು. ಮುಂದಿನ ಸಾಲು ಸೋಡಾಬುಡ್ಡಿ ಮೇಷ್ಟ್ರ ಬಾಯಿಂದ ಬರುವ ಮೊದಲೇ ಆಕೆಯ ನಾಲಿಗೆಯ ಮೇಲಿತ್ತು. ಪ್ರತ್ಯೇಕ ಮೆಟ್ಟಿಲು, ಸ್ನಾನಗೃಹ. ಮಂಚ, ಮೇಜು, ಫ್ಯಾನ್ ಇವೆ.

ಅದು ಆಕೆಯೇ ಬರೆದದ್ದು. ನಾಲ್ಕು ವರ್ಷದ ಹಿಂದೆ, ಭಾಷಾ ಪತ್ರಿಕೆಯಲ್ಲಿ ಐವತ್ತು ಪದಗಳೊಳಗಿನ ವರ್ಗೀಕೃತ ಜಾಹೀರಾತಿನ ಪ್ರಶ್ನೆ ಹೊಸದಾಗಿ ಬಂದಾಗ, ಮಕ್ಕಳಿಗೊಂದು ಮಾದರಿ ಉತ್ತರ ಬೇಕೆಂದು ಕೂತು ಹೆಣೆದದ್ದು. ಮೈದುನ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ಖಾಲಿ ಬಿದ್ದಿದ್ದ ತಮ್ಮ ಮನೆಯ ಮಹಡಿ ಕೋಣೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಳು. ಅಳತೆ ಸುಳ್ಳಾಗಬಾರದೆಂದು ಗಂಡನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಅಳೆದಿದ್ದಳು ಕೂಡ. ಇಂಥ ಜಾಹೀರಾತಿನಲ್ಲಿ ಪೂರ್ತಿ ವಾಕ್ಯ ಬೇಕಿಲ್ಲ, ತುಂಡು ತುಂಡು ಮಾತು ಸಾಕು. ಮೇಲೆ ಶೀರ್ಷಿಕೆ, ಸುತ್ತ ಚೌಕ, ಎಲ್ಲಿ, ಎಷ್ಟು, ಏನೇನಿದೆ, ಯಾರಿಗೆ, ಯಾರನ್ನು ಕೇಳಬೇಕು. ದೂರವಾಣಿ ಸಂಖ್ಯೆಯ ಜಾಗದಲ್ಲಿ ಅಂಕಿಯಲ್ಲ, ಗುಣಾಕಾರದ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ ಗುರುತು ಬಿಟ್ಟುಕೊಟ್ಟಂತಾಗುತ್ತದೆ. ಇಷ್ಟೂ ಸೇರಿ ನಲವತ್ತೇಳು ಪದ. ಆಗ ಆಕೆಗೆ ಅದೊಂದು ಮುತ್ತಿನ ಹಾರದಂತೆ ಕಂಡಿತ್ತು.

"ಮೇಡಂ, ಸ್ವಲ್ಪ ಬನ್ನಿ" ಎಂದು ಸೋಡಾಬುಡ್ಡಿ ಮೇಷ್ಟ್ರು ಕೇಂದ್ರದ ಉಪಮುಖ್ಯಸ್ಥೆಯನ್ನು ಕರೆದರು. ಆಕೆ ತೆಳ್ಳನೆಯ ಹೆಂಗಸು, ನಡೆದರೆ ಚಪ್ಪಲಿಯ ಸದ್ದೂ ಕೇಳಿಸುತ್ತಿರಲಿಲ್ಲ. ಬಂದು, ಆ ಕಟ್ಟಿನ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ, ಇಪ್ಪತ್ತೇಳನೇ ಪ್ರಶ್ನೆಯ ಉತ್ತರವನ್ನಷ್ಟೇ ನೋಡುತ್ತ ಹೋದರು. ಕಟ್ಟಿನಲ್ಲಿ ಮೂವತ್ತನಾಲ್ಕು ಪತ್ರಿಕೆ. ಎಣಿಸಿ ಬದಿಗಿಟ್ಟದ್ದು ಮೂವತ್ತೊಂದು.

"ಇದು ಸಾಮೂಹಿಕ ನಕಲು" ಎಂದರು. ದನಿ ಏರಿಸಲಿಲ್ಲ, ಆದರೆ ಅಕ್ಕಪಕ್ಕದ ಮೇಜುಗಳ ಪೆನ್ನುಗಳೆಲ್ಲ ನಿಂತವು. "ಒಳಗೆ ಯಾರೋ ಉತ್ತರ ಹೇಳಿ ಬರೆಸಿದ್ದಾರೆ. ಇಲ್ಲಾ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದೆ. ಅಕ್ರಮದ ವರದಿ ಇವತ್ತೇ ಮಂಡಳಿಗೆ ಹೋಗ್ಬೇಕು. ಐದು ಗಂಟೆಗೆ ವಾಹನ ಹೊರಡುತ್ತೆ."

ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

ವರದಿ ಹೋದರೆ ಏನಾಗುತ್ತದೆಂದು ಟೀಚರಿಗೆ ಗೊತ್ತು. ಆ ಮೂವತ್ತೊಂದು ಮಕ್ಕಳ ಫಲಿತಾಂಶ ತಡೆಹಿಡಿಯುತ್ತಾರೆ. ಆಮೇಲೆ ವಿಚಾರಣೆ, ಒಬ್ಬೊಬ್ಬರನ್ನೇ ಕರೆದು ಕೂರಿಸಿ ಕೇಳುವುದು. ತಪ್ಪು ಸಾಬೀತಾದರೆ ವರ್ಷವೇ ಹೋಯಿತು. ಮುಸುರೆ ತಿಕ್ಕಿ ಓದಿಸುತ್ತಿರುವ ತಾಯಂದಿರ ಹೆಣ್ಣುಮಕ್ಕಳಿದ್ದರು ಆ ಮೂವತ್ತೊಂದರಲ್ಲಿ.

ಬಾಯಿ ಬಿಟ್ಟರೆ? ಪತ್ರಿಕೆಗಳ ಮೇಲೆ ಶಾಲೆಯ ಹೆಸರಿರುವುದಿಲ್ಲ, ಬರೀ ಸಂಕೇತ ಸಂಖ್ಯೆ. ಯಾರ ಪತ್ರಿಕೆ ಯಾರ ಕೈಗೆ ಹೋಯಿತೆಂದು ತಿಳಿಯಬಾರದೆಂದೇ ಆ ಏರ್ಪಾಡು. ಇವು ನನ್ನ ಮಕ್ಕಳವು ಎಂದು ಎದ್ದು ನಿಂತರೆ ಆ ಗುಟ್ಟನ್ನು ಒಡೆದಂತೆ. ಅದಕ್ಕಿಂತ ಹೆಚ್ಚಾಗಿ, ಪ್ರಶ್ನೆ ನಿಮಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ಮೊದಲು ಹಿಡಿಯುವುದು ತನ್ನ ಕೊರಳನ್ನೇ. ಇಪ್ಪತ್ತಮೂರು ವರ್ಷದ ನೌಕರಿ. ಗಂಡನ ಅಂಗಡಿ ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದುದು ಆಕೆಯ ಸಂಬಳದಲ್ಲೇ.

ಆಕೆ ಮುಂದಿದ್ದ ಪತ್ರಿಕೆಗೆ ಅಂಕ ಹಾಕಲು ಹೋದಳು. ನಾಲ್ಕಕ್ಕೆ ಮೂರು ಎಂದು ಬರೆಯಬೇಕಾದಲ್ಲಿ ಮೂರಕ್ಕೆ ನಾಲ್ಕು ಎಂದು ಬರೆದು, ಹೊಡೆದುಹಾಕಿ, ಚಿಕ್ಕ ಸಹಿ ಮಾಡಿದಳು. ಉಪಮುಖ್ಯಸ್ಥೆ ಆಗಲೇ ವರದಿಯ ಫಾರಂ ತರಿಸಿ ಸಂಕೇತ ಸಂಖ್ಯೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಏಳು ಆಯಿತು, ಎಂಟು ಆಯಿತು.

ಟೀಚರು ಎದ್ದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಆಕೆಗೇ ಜೋರಾಗಿ ಕೇಳಿಸಿತು.

"ಅದನ್ನ ನಿಲ್ಸಿ ಮೇಡಂ. ಆ ಉತ್ತರ ನಂದು."

ಉಪಮುಖ್ಯಸ್ಥೆ ತಲೆ ಎತ್ತಿ ನೋಡಿದರು. "ನಿಮ್ಮದು ಅಂದ್ರೆ?"

"ನಾನು ಬರೆದು ಬಾಯಿಪಾಠ ಮಾಡ್ಸಿದ್ದು. ನಮ್ಮ ಶಾಲೆ ಮಕ್ಕಳು."

ಸೋಡಾಬುಡ್ಡಿ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. ಪಾಪ, ತಮಾಷೆಗೆ ಓದಿದ್ದು ಇಲ್ಲಿಗೆ ಬಂತಲ್ಲ ಎಂಬ ಪೇಚು ಅವರ ಮುಖದ ಮೇಲಿತ್ತು.

ಮುಖ್ಯಸ್ಥರ ಕೋಣೆ ಹಾಲಿನ ಕೊನೆಯಲ್ಲಿತ್ತು. ಅವರಿಗೆ ನಿವೃತ್ತಿಗೆ ಇನ್ನು ಎಂಟು ತಿಂಗಳು. ಬಿಳಿ ಕೂದಲು, ಗಟ್ಟಿ ಮೈಕಟ್ಟು. ಬೆನ್ನ ಹಿಂದೆ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ಎದುರಿಗೆ ಯಾರಿಗೂ ಅಷ್ಟು ಧೈರ್ಯವಿರಲಿಲ್ಲ. ಉಪಮುಖ್ಯಸ್ಥೆ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ದೊಡ್ಡಮ್ಮ ಟೀಚರಿಗೆ ಕೂರಲು ಹೇಳಲಿಲ್ಲ. ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು.

"ಬರೀರಿ. ನೀವು ಹೇಳ್ಕೊಟ್ಟಿದ್ದು ಏನು ಅಂತ, ಅಕ್ಷರ ಬಿಡದ ಹಾಗೆ."

ಟೀಚರು ನಿಂತೇ ಬಗ್ಗಿ ಬರೆದಳು. ಒಂದು ಪದವೂ ತಪ್ಪಲಿಲ್ಲ.

*ಬಾಡಿಗೆಗಿದೆ*
*ಶಾಂತ ಬಡಾವಣೆ, ಬಸ್ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಮೊದಲ ಮಹಡಿಯಲ್ಲಿ ಒಂದು ಕೋಣೆ, ಹನ್ನೆರಡು ಅಡಿಗೆ ಹತ್ತು ಅಡಿ. ಗಾಳಿ, ಬೆಳಕು ಧಾರಾಳ. ಪ್ರತ್ಯೇಕ ಮೆಟ್ಟಿಲು, ಸ್ನಾನಗೃಹ. ಮಂಚ, ಮೇಜು, ಫ್ಯಾನ್ ಇವೆ. ದಿನವಿಡೀ ನೀರು. ಸೈಕಲ್ ನಿಲ್ಲಿಸಲು ಜಾಗ. ವಿದ್ಯಾರ್ಥಿಗಳಿಗೆ ಆದ್ಯತೆ. ಬಾಡಿಗೆ ಮಾತುಕತೆಯ ಮೇಲೆ, ಮೂರು ತಿಂಗಳ ಮುಂಗಡ. ಸಂಜೆ ಐದರಿಂದ ಏಳರೊಳಗೆ ಸಂಪರ್ಕಿಸಿ: ಮನೆ ಮಾಲೀಕರು, ದೂರವಾಣಿ ××××× ×××××.*

ಸುತ್ತ ಚೌಕ ಎಳೆದು ಹಾಳೆಯನ್ನು ತಿರುಗಿಸಿ ಕೊಟ್ಟಳು. ದೊಡ್ಡಮ್ಮ ಅದನ್ನು ಮೇಲಿನ ಪತ್ರಿಕೆಯ ಪಕ್ಕದಲ್ಲಿಟ್ಟು ಬೆರಳು ಓಡಿಸಿದರು. ಒಂದೇ.

"ಸರಿ, ನಿಮ್ಮದೇ" ಎಂದರು. "ಅದರಿಂದ ನಿಮಗೇ ಕಷ್ಟ ಅಲ್ವಾ? ಪತ್ರಿಕೆಯಲ್ಲಿ ಬಂದದ್ದು ಇದೇ ಪ್ರಶ್ನೆ. ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಮೇಡಂ. ನಾಲ್ಕು ವರ್ಷದಿಂದ ಇದನ್ನೇ ಹೇಳ್ಕೊಡ್ತಿದ್ದೀನಿ. ಮಕ್ಕಳ ನೋಟ್ ಪುಸ್ತಕದಲ್ಲಿ ತಾರೀಖಿನ ಸಮೇತ ಇರುತ್ತೆ, ತರಿಸಿ ನೋಡಿ."

"ನೋಟ್ ಪುಸ್ತಕ ನಾಳೆ ಬರುತ್ತೆ" ಎಂದರು ಉಪಮುಖ್ಯಸ್ಥೆ. "ವಾಹನ ಇವತ್ತು ಹೋಗುತ್ತೆ."

ನೋಟ್ ಪುಸ್ತಕದ ಫೋಟೊ ತರಿಸೋಣವೆಂದರೆ ಟೀಚರು ಫೋನನ್ನು ಬೆಳಗ್ಗೆಯೇ ಬಾಗಿಲಲ್ಲಿ ಒಪ್ಪಿಸಿ ಬಂದಿದ್ದಳು. ಮೇಜಿನ ಮೇಲೆ ಪ್ರಶ್ನೆಪತ್ರಿಕೆಯೊಂದು ತೆರೆದು ಬಿದ್ದಿತ್ತು. ನಾಲ್ಕು ದಿನದಿಂದ ಆಕೆಯೂ ಅದೇ ಪ್ರಶ್ನೆಗೆ ಅಂಕ ಹಾಕುತ್ತಿದ್ದಳು. ತನ್ನ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ನೋಡಿದ್ದು ಮಾತ್ರ ಈಗಲೇ.

*ನಿಮ್ಮ ಮನೆಯ ನೆಲಮಹಡಿಯಲ್ಲಿರುವ ಒಂದು ಕೋಣೆಯನ್ನು ಉದ್ಯೋಗಸ್ಥ ಮಹಿಳೆಗೆ ಬಾಡಿಗೆಗೆ ಕೊಡಬೇಕಾಗಿದೆ. ಐವತ್ತು ಪದಗಳೊಳಗೆ ವರ್ಗೀಕೃತ ಜಾಹೀರಾತು ಬರೆಯಿರಿ.*

ತಪ್ಪಿಸಿಕೊಳ್ಳುವ ದಾರಿ ಕಂಡಿತು, ಜೊತೆಗೆ ಆ ದಾರಿ ಎಲ್ಲಿ ಹಾದುಹೋಗುತ್ತದೆಂಬುದೂ ಕಂಡಿತು. ಮಕ್ಕಳು ಕಳ್ಳರಲ್ಲವೆಂದು ತೋರಿಸಬೇಕಾದರೆ ಅವರು ಬರೆದದ್ದು ತಪ್ಪೆಂದು ತನ್ನ ಬಾಯಿಂದಲೇ ಹೇಳಬೇಕು.

"ಮೇಡಂ, ಪ್ರಶ್ನೆ ನೆಲಮಹಡಿ ಅನ್ನುತ್ತೆ. ಮಕ್ಕಳು ಮೊದಲ ಮಹಡಿ ಬರೆದಿದ್ದಾರೆ, ಮೆಟ್ಟಿಲು ಬೇರೆ ಹಾಕಿದ್ದಾರೆ. ಪ್ರಶ್ನೆ ಉದ್ಯೋಗಸ್ಥ ಮಹಿಳೆ ಅನ್ನುತ್ತೆ, ಇವರು ವಿದ್ಯಾರ್ಥಿಗಳಿಗೆ ಆದ್ಯತೆ ಅಂದಿದ್ದಾರೆ. ನನಗೆ ಪತ್ರಿಕೆ ಮೊದಲೇ ಸಿಕ್ಕಿದ್ರೆ ನಾನ್ಯಾಕೆ ಹೊಂದದ ಉತ್ತರ ಉರು ಹೊಡೆಸ್ಲಿ? ಒಳಗೆ ಮೇಲ್ವಿಚಾರಕರು ಹೇಳಿ ಬರೆಸಿದ್ರೆ ಅವರು ಪ್ರಶ್ನೆ ಓದಿರೋದಿಲ್ವಾ?"

ದೊಡ್ಡಮ್ಮ ಪ್ರಶ್ನೆಪತ್ರಿಕೆಯನ್ನು ಹತ್ತಿರ ಎಳೆದುಕೊಂಡರು. ಓದಿದರು. ಟೀಚರು ಬರೆದ ಹಾಳೆಯನ್ನು ಇನ್ನೊಮ್ಮೆ ಓದಿದರು.

"ಒಬ್ಬಳು ಬರೆದದ್ದನ್ನ ಉಳಿದವರು ನೋಡಿ ಬರೆದಿರಬಹುದಲ್ಲ" ಎಂದರು ಉಪಮುಖ್ಯಸ್ಥೆ. ಬಿಡುವ ಆಸಾಮಿಯಲ್ಲ ಅವರು. ಅವರ ಅನುಮಾನದಲ್ಲಿ ನ್ಯಾಯವೂ ಇತ್ತು.

"ನೋಡಿ ಬರೆದ್ರೆ ತಪ್ಪೂ ಜೊತೆಗೇ ಬರುತ್ತೆ ಮೇಡಂ. ಮುಂದಿನವಳು ಮಾಡಿದ ತಪ್ಪು ಹಿಂದಿನವಳ ಪತ್ರಿಕೆಯಲ್ಲೂ ಇರಬೇಕು. ಬಾಯಿಪಾಠ ಆದ್ರೆ ಒಬ್ಬೊಬ್ಬರು ಒಂದೊಂದು ಕಡೆ ಮರೀತಾರೆ. ಪರೀಕ್ಷೆಗೆ ಕೂತ ಸಾಲಿನಂತೆಯೇ ಕಟ್ಟು ಜೋಡಿಸಿರ್ತಾರೆ. ನೀವೇ ಒಂದ್ಸಲ ನೋಡಿ."

ದೊಡ್ಡಮ್ಮ ಗಡಿಯಾರ ನೋಡಿದರು. ನಾಲ್ಕಾಗಲು ಹತ್ತು ನಿಮಿಷ. ಕನ್ನಡಕ ಏರಿಸಿ ಮೊದಲ ಪತ್ರಿಕೆ ತೆಗೆದರು.

ಆಮೇಲಿನ ಅರ್ಧ ಗಂಟೆ ಆ ಕೋಣೆಯಲ್ಲಿ ಹಾಳೆಗಳು ಮಗುಚುತ್ತಲೇ ಇದ್ದವು. ಟೀಚರು ಗೋಡೆಗೆ ಒರಗದೆ ನಿಂತಿದ್ದಳು. ತಾನು ಹೇಳಿದ ಮಾತೇ ಈಗ ಹೆದರಿಸುತ್ತಿತ್ತು. ಒಂದು ವೇಳೆ ಎರಡು ಪತ್ರಿಕೆಗಳಲ್ಲಿ, ಅಕ್ಕಪಕ್ಕದವರದ್ದರಲ್ಲಿ, ಒಂದೇ ತಪ್ಪು ಸಿಕ್ಕಿಬಿಟ್ಟರೆ? ಮಕ್ಕಳು ಮಕ್ಕಳೇ, ಕಣ್ಣು ಹಾಯಿಸಿರುವುದೇ ಇಲ್ಲವೆಂದು ಆಣೆ ಮಾಡಿ ಹೇಳಬಲ್ಲೆನೇ?

ದೊಡ್ಡಮ್ಮ ಪಟ್ಟಿ ಮಾಡುತ್ತ ಹೋದರು. ಒಬ್ಬಳು ಧಾರಾಳಕ್ಕೆ ದೀರ್ಘ ಬಿಟ್ಟಿದ್ದಳು. ಅವಳ ಹಿಂದಿನವಳು ಧಾರಾಳ ಸರಿಯಾಗಿ ಬರೆದು ಮಂಚವನ್ನೇ ಮರೆತಿದ್ದಳು. ಇನ್ನೊಬ್ಬಳ ಕೋಣೆಗೆ ನೀರಿರಲಿಲ್ಲ. ಮತ್ತೊಬ್ಬಳು ಮೂರು ತಿಂಗಳ ಮುಂಗಡವನ್ನು ಆರು ತಿಂಗಳು ಮಾಡಿದ್ದಳು. ಹದಿನೇಳನೇ ಪತ್ರಿಕೆಗೆ ಬಂದಾಗ ದೊಡ್ಡಮ್ಮನ ಬಾಯಿಯ ಕೊನೆ ಸ್ವಲ್ಪ ಸಡಿಲಾಯಿತು. "ಬಸ್ ನಿಲ್ದಾಣದಿಂದ ಐದು ಗಂಟೆಯ ನಡಿಗೆ" ಎಂದು ಓದಿದರು. "ಈ ಕೋಣೆ ಬಾಡಿಗೆಗೆ ಹೋದ ಹಾಗೇ."

ಕೊನೆಗೆ ಕಟ್ಟಿನಲ್ಲಿ ಉಳಿದಿದ್ದ ಮೂರು ಪತ್ರಿಕೆಗಳನ್ನೂ ತೆರೆದರು. ಒಂದರಲ್ಲಿ ಉತ್ತರವೇ ಇರಲಿಲ್ಲ. ಇನ್ನೊಂದರಲ್ಲಿ ಯಾರೋ ಜಾಹೀರಾತಿನ ಬದಲು ಪತ್ರ ಬರೆದಿದ್ದರು. ಮೂರನೆಯದು ಟೀಚರಿನ ಮಾದರಿಯೇ, ಆದರೆ ಅಲ್ಲಲ್ಲಿ ಬಿಚ್ಚಿ ಹೊಲಿದದ್ದು: ನೆಲಮಹಡಿ, ಪ್ರತ್ಯೇಕ ಮೆಟ್ಟಿಲಿದ್ದಲ್ಲಿ ಪ್ರತ್ಯೇಕ ಬಾಗಿಲು, ಸೈಕಲಿದ್ದಲ್ಲಿ ಸ್ಕೂಟರ್, ಉದ್ಯೋಗಸ್ಥ ಮಹಿಳೆಗೆ ಮಾತ್ರ. ದೊಡ್ಡಮ್ಮ ಅದನ್ನು ಟೀಚರಿನ ಕಡೆ ತಿರುಗಿಸಲಿಲ್ಲ. ಓದಿ ಹೇಳಿದರು ಅಷ್ಟೆ. ಯಾವ ಹುಡುಗಿಯೆಂದು ಟೀಚರಿಗೆ ಗೊತ್ತಾಯಿತು. ಕೊನೆಯ ಬೆಂಚಿನ, ಮೂಗಿನ ತುದಿಯಲ್ಲೇ ಕೋಪದ ಹುಡುಗಿ, ಹೇಳಿದ್ದನ್ನು ಎಂದೂ ಹೇಳಿದಂತೆ ಮಾಡದವಳು.

ದೊಡ್ಡಮ್ಮ ಪೆನ್ನಿನ ಕ್ಯಾಪ್ ಹಾಕಿದರು.

"ಅಕ್ರಮದ ವರದಿ ಬೇಡ" ಎಂದು ಉಪಮುಖ್ಯಸ್ಥೆಗೆ ಹೇಳಿದರು. "ನನ್ನ ಟಿಪ್ಪಣಿ ಹೋಗ್ಲಿ. ಬಾಯಿಪಾಠದ ಉತ್ತರ, ನಕಲಿಗೆ ಆಧಾರ ಇಲ್ಲ, ನೋಟ್ ಪುಸ್ತಕ ತರಿಸಿ ಪರಿಶೀಲಿಸಬೇಕು ಅಂತ." ಆಮೇಲೆ ಟೀಚರಿನತ್ತ ತಿರುಗಿದರು. "ಅಂಕ ಹೇಗೆ ಹಾಕಬೇಕು, ನೀವೇ ಹೇಳಿ."

ನಾಲ್ಕು ಅಂಕದ ಪ್ರಶ್ನೆ. ವಿನ್ಯಾಸಕ್ಕೆ ಒಂದು, ವಿಷಯಕ್ಕೆ ಎರಡು, ಭಾಷೆಗೆ ಒಂದು. ಟೀಚರು ನಾಲ್ಕು ದಿನದಿಂದ ಬೇರೆಯವರ ಮಕ್ಕಳಿಗೆ ಅದನ್ನೇ ಹಾಕುತ್ತಿದ್ದಳು.

"ವಿನ್ಯಾಸ ಸರಿ ಇದೆ, ಒಂದು. ಭಾಷೆಗೆ ಒಂದು" ಎಂದಳು. "ವಿಷಯ... ಕೇಳಿದ ಕೋಣೆ ಅಲ್ಲ, ಕೇಳಿದವರಿಗೂ ಅಲ್ಲ. ಸೊನ್ನೆ."

"ಎರಡು" ಎಂದರು ದೊಡ್ಡಮ್ಮ. "ಮೂವತ್ತೊಂದಕ್ಕೂ ಎರಡು." ಪತ್ರಿಕೆಗಳನ್ನು ಕಟ್ಟಿಡುತ್ತ ಮತ್ತೆ ಹೇಳಿದರು: "ನೀವು ನಿಮ್ಮ ಶಾಲೆಯ ಪತ್ರಿಕೆ ಗುರುತಿಸಿದ್ದು ನಾನು ಬರೀಲೇಬೇಕು. ಅದನ್ನ ಹೊಟ್ಟೆಯೊಳಗೆ ಇಟ್ಕೊಳ್ಳೋಕೆ ನನಗಾಗಲ್ಲ. ನಾಳೆಯಿಂದ ನೀವು ಇಲ್ಲಿಗೆ ಬರೋದು ಬೇಡ."

"ಗೊತ್ತು ಮೇಡಂ."

"ಗೊತ್ತಿದ್ದೂ ಎದ್ದು ನಿಂತ್ರಿ."

ಅದು ಮೆಚ್ಚುಗೆಯೋ ಬೈಗುಳವೋ ಟೀಚರಿಗೆ ತಿಳಿಯಲಿಲ್ಲ. ಹೇಳಿಕೆ ಬರೆದು ಸಹಿ ಹಾಕಿ, ಬಾಗಿಲಲ್ಲಿ ಫೋನು ತೆಗೆದುಕೊಂಡು ಹೊರಗೆ ಬಂದಳು. ಬಿಸಿಲು ಇನ್ನೂ ಇತ್ತು. ಬೇಲಿಯಾಚೆ ಗಂಡ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ. ಎಲ್ಲವನ್ನೂ ಕೇಳಿ ಆತ ಸ್ವಲ್ಪ ಹೊತ್ತು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದು, "ನೌಕರಿಗೆ ಏನಾದ್ರೂ ಆಗುತ್ತಾ?" ಎಂದು ಕೇಳಿದ. "ಗೊತ್ತಿಲ್ಲ ಕಣ್ರೀ" ಎಂದಳು. ಆತ ಗೇರು ಹಾಕುವಾಗ ಎರಡು ಸಲ ಗಾಡಿ ನಿಂತುಹೋಯಿತು.

ನೋಟ್ ಪುಸ್ತಕಗಳು ಹೋದವು, ತಾರೀಖುಗಳು ಸರಿಯಿದ್ದವು, ಫಲಿತಾಂಶ ತಡೆಯಾಗಲಿಲ್ಲ. ಮೂವತ್ತನಾಲ್ಕರಲ್ಲಿ ಮೂವತ್ತಮೂರು ಮಂದಿ ತೇರ್ಗಡೆ. ಕೊನೆಯ ಬೆಂಚಿನವಳಿಗೆ ಭಾಷೆಯಲ್ಲಿ ಶಾಲೆಗೇ ಹೆಚ್ಚಿನ ಅಂಕ. ನಪಾಸಾದದ್ದು ಒಬ್ಬಳೇ, ದರ್ಜಿಯ ಮಗಳು, ಭಾಷಾ ಪತ್ರಿಕೆಯಲ್ಲಿ ಒಂದೇ ಒಂದು ಅಂಕದಿಂದ.

ಎರಡು ಅಂಕ ಹೋದದ್ದು ಎಲ್ಲಿ ಎಂದು ಟೀಚರಿಗೆ ಗೊತ್ತಿತ್ತು. ಸೊನ್ನೆ ಎಂದು ಹೇಳಿದ ಬಾಯಿ ತನ್ನದೇ. ಎರಡು ದಿನ ಸುಮ್ಮನೆ ತಿರುಗಾಡಿ, ಮೂರನೆಯ ದಿನ ದರ್ಜಿಯ ಮನೆಗೆ ಹೋದಳು. ಹುಡುಗಿ ಹೊಲಿಗೆ ಯಂತ್ರದ ಮುಂದೆ ಕೂತು ಗುಂಡಿ ಹಾಕುತ್ತಿದ್ದಳು. ಅವಳ ಅಮ್ಮ ಕುರ್ಚಿ ಒರೆಸಿ ಕೊಟ್ಟು ಒಳಗೆ ಹೋದರು.

"ನಿನ್ನ ತಪ್ಪಲ್ಲಮ್ಮ ಇದು" ಎಂದಳು ಟೀಚರು. "ಜಾಹೀರಾತಿನ ಪ್ರಶ್ನೆ ಇತ್ತಲ್ಲ, ನಾನು ಹೇಳ್ಕೊಟ್ಟಿದ್ದು ಅದಕ್ಕೆ ಹೊಂದ್ತಿರ್ಲಿಲ್ಲ. ಅಲ್ಲಿ ಎರಡು ಅಂಕ ಹೋಯ್ತು."

ಹುಡುಗಿ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಹೊಂದಲ್ಲ ಅಂತ ನನಗೆ ಅಲ್ಲೇ ಗೊತ್ತಾಗಿತ್ತು ಟೀಚರ್. ನೆಲಮಹಡಿ ಅಂತ ಬರೆದೂ ಇದ್ದೆ. ಆಮೇಲೆ ಹೊಡೆದುಹಾಕಿದೆ."

"ಯಾಕೆ?"

"ಒಂದಕ್ಷರ ಬದಲಾಯಿಸಿದ್ರೂ ಅಂಕ ಹೋಗುತ್ತೆ ಅಂದಿದ್ರಲ್ಲ ನೀವು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು. ಒಳಗಿಂದ ಬಂದ ಚಹಾದ ಲೋಟ ಕೈಯಲ್ಲೇ ಆರಿತು. ತಾನು ಹಾಗೆ ಹೇಳಿದ್ದು ನಿಜ. ದುರ್ಬಲ ಮಕ್ಕಳು ಸ್ವಂತಕ್ಕೆ ಬರೆಯಹೋಗಿ ಎಡವಬಾರದೆಂದು ಹೇಳಿದ್ದು. ಈ ಮಗುವಿಗೆ ಓದಿದ್ದು ಅರ್ಥವಾಗಿತ್ತು, ಕೈ ಸರಿಯಾದ ಪದ ಬರೆದೂ ಇತ್ತು.

ಪೂರಕ ಪರೀಕ್ಷೆಗೆ ನಲವತ್ತು ದಿನವಿತ್ತು. ದಿನವೂ ಶಾಲೆ ಬಿಟ್ಟ ಮೇಲೆ ಟೀಚರು ಅವಳನ್ನು ಕೂರಿಸಿಕೊಂಡಳು. ಈ ಸಲ ಉತ್ತರ ಕೊಡಲಿಲ್ಲ. ದಿನಕ್ಕೊಂದು ಪ್ರಶ್ನೆ ಕೊಡುತ್ತಿದ್ದಳು: ಹಳೆಯ ಸೈಕಲ್ ಮಾರಾಟಕ್ಕಿದೆ, ಅಂಗಡಿಗೆ ಲೆಕ್ಕ ಬರೆಯುವವರು ಬೇಕು, ನಾಯಿ ಕಳೆದುಹೋಗಿದೆ. ಮೊದಮೊದಲು ಹುಡುಗಿ ಪೆನ್ನು ಹಿಡಿದು ಟೀಚರಿನ ಮುಖವನ್ನೇ ನೋಡುತ್ತಿದ್ದಳು. ಟೀಚರು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಾಗೆ ನೋಡುತ್ತ ಕೂರುವುದು ಇಪ್ಪತ್ತಮೂರು ವರ್ಷದಲ್ಲಿ ಮಾಡಿದ ಎಲ್ಲ ಕೆಲಸಕ್ಕಿಂತ ಕಷ್ಟವೆನ್ನಿಸಿತು. ನಾಲಿಗೆಯ ತುದಿಯಲ್ಲಿ ಪದಗಳು ಸಾಲುಗಟ್ಟಿ ನಿಂತಿರುತ್ತಿದ್ದವು.

ಆ ದಿನಗಳಲ್ಲೇ ಇಲಾಖೆಯಿಂದ ಕಾರಣ ಕೇಳಿ ನೋಟೀಸು ಬಂತು. ನಡೆದದ್ದನ್ನು ನಡೆದಂತೆ ಉತ್ತರಿಸಿದಳು. ನೌಕರಿ ಉಳಿಯಿತು, ಎಚ್ಚರಿಕೆಯ ಪತ್ರವೊಂದು ಕಡತ ಸೇರಿತು, ಮೂರು ವರ್ಷ ಮೌಲ್ಯಮಾಪನದಿಂದ ಹೊರಗಿಟ್ಟರು. ಮುಖ್ಯೋಪಾಧ್ಯಾಯರು ಮಾತ್ರ ಮುಖ ಗಂಟು ಹಾಕಿಕೊಂಡರು. "ಮಾದರಿ ಉತ್ತರ ಬಿಟ್ಟುಬಿಟ್ರೆ ಮುಂದಿನ ವರ್ಷ ಫಲಿತಾಂಶ ನೆಲ ಕಚ್ಚುತ್ತೆ ನೋಡಿ" ಎಂದರು. ಇರಬಹುದು ಎಂದುಕೊಂಡಳು ಟೀಚರು.

ಪೂರಕ ಪರೀಕ್ಷೆಯಲ್ಲಿ ಜಾಹೀರಾತಿನ ಪ್ರಶ್ನೆಯೇ ಬರಲಿಲ್ಲ. ಗ್ರಂಥಾಲಯದ ವೇಳೆ ಬದಲಾದ ಬಗ್ಗೆ ಐವತ್ತು ಪದಗಳೊಳಗೆ ಸೂಚನೆ ಬರೆಯಲು ಕೇಳಿದ್ದರು. ದರ್ಜಿಯ ಮಗಳು ಪರೀಕ್ಷೆ ಮುಗಿಸಿ ನೇರ ಶಾಲೆಗೆ ಬಂದಳು, ಟೀಚರರ ಕೋಣೆಯ ಬಾಗಿಲಲ್ಲಿ ನಿಂತಳು.

"ಎಷ್ಟು ಪದ ಆಯ್ತು?" ಎಂದು ಕೇಳಿದಳು ಟೀಚರು.

"ಎಣಿಸ್ಲಿಲ್ಲ ಟೀಚರ್. ಹೇಳೋದು ಮುಗೀತು, ನಿಲ್ಲಿಸಿದೆ."

ತಿಂಗಳಾದ ಮೇಲೆ ಫಲಿತಾಂಶ ಬಂತು. ಗಡಿಗಿಂತ ಹದಿನಾಲ್ಕು ಅಂಕ ಹೆಚ್ಚು ತೆಗೆದು ಹುಡುಗಿ ತೇರ್ಗಡೆಯಾಗಿದ್ದಳು.